ಗೋಲ್ಡ್ ಇಟಿಎಫ್ ದಾಸ್ತಾನು ಓದುವುದು ಹೇಗೆ: ಟನ್ ಇಳಿದ ಮಾತ್ರಕ್ಕೆ ಯಾರೋ ಮಾರಿದ್ದಾರೆ ಅಂತಲ್ಲ

ಗೋಲ್ಡ್ ಇಟಿಎಫ್ ಅಂದರೆ ತಿಜೋರಿಯಲ್ಲಿ ಚಿನ್ನ ಇಟ್ಟುಕೊಂಡು ಅದರ ಮೇಲೆ ಷೇರುಪೇಟೆಯಲ್ಲಿ ಷೇರು ಬಿಡುವ ಫಂಡ್, ಆ ತಿಜೋರಿಯ ಚಿನ್ನವೇ ದಾಸ್ತಾನು. ಅಂಥ ಒಂದು ದೊಡ್ಡ ಫಂಡ್‌ನ ದಾಸ್ತಾನು ನಿನ್ನೆಗಿಂತ ಇವತ್ತು 0.3 ಟನ್ ಕಡಿಮೆಯಾಗಿದೆ ಅಂದುಕೊಳ್ಳಿ. ಯಾರು ಮಾರಿದರು? ಬಹುಶಃ ಯಾರೂ ಇಲ್ಲ. ಫಂಡ್ ತನ್ನ ತಿಂಗಳ ಖರ್ಚಿಗೆ ಅಂತ ತಾನೇ ಒಂದಿಷ್ಟು ಚಿನ್ನ ಮಾರಿಕೊಂಡಿರುತ್ತದೆ. ಆದರೆ ಅಷ್ಟಕ್ಕೇ "ಹೂಡಿಕೆದಾರರು ಚಿನ್ನದಿಂದ ಓಡುತ್ತಿದ್ದಾರೆ" ಅಂತ ಬರೆಯುವವರು ಇದ್ದಾರೆ. ಒಂದು ಕಾಲದಲ್ಲಿ ನಾನೂ ಹಾಗೇ ಓದಿಕೊಂಡು ಸಿಕ್ಕಿಬಿದ್ದಿದ್ದೆ.

ಈ ದಾಸ್ತಾನಿನ ಅಂಕಿ ನಿಜಕ್ಕೂ ಒಳ್ಳೆಯ ಸೂಚನೆ. ಜಗತ್ತಿನಲ್ಲಿ ಚಿನ್ನ ಯಾರು ಎಷ್ಟು ಕೊಂಡರು ಅನ್ನುವ ಲೆಕ್ಕ ಹೆಚ್ಚಾಗಿ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಅದರಲ್ಲೂ ಅರ್ಧ ಅಂದಾಜು. ಇಟಿಎಫ್‌ನದು ಮಾತ್ರ ದಿನದಿನವೂ ಬರುತ್ತದೆ, ಅದೂ ಎಣಿಸಿದ ಗಟ್ಟಿಗಳ ಲೆಕ್ಕ. ಓದುವ ಕ್ರಮ ಗೊತ್ತಿರಬೇಕು ಅಷ್ಟೆ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಎಸ್‌ಪಿಡಿಆರ್ ಗೋಲ್ಡ್ ಷೇರ್ಸ್ ತೆಗೆದುಕೊಳ್ಳುತ್ತೇನೆ. ಸ್ಕ್ರೀನ್ ಮೇಲೆ ಅದರ ಹೆಸರು `GLD`. 2004ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದದ್ದು, ಇವತ್ತಿಗೂ ಈ ಬಗೆಯ ಫಂಡ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು.

ಮೊದಲು: ದಾಸ್ತಾನು ಯಾವಾಗ ಬದಲಾಗುತ್ತದೆ

ಇದೊಂದು ಅರ್ಥವಾಗದಿದ್ದರೆ ಮುಂದಿನದೆಲ್ಲ ದಂಡ. ನೀವು ಷೇರುಪೇಟೆಯಲ್ಲಿ ಜಿಎಲ್‌ಡಿ ಷೇರು ಕೊಂಡರೆ ಫಂಡ್‌ಗೆ ಒಂದು ಗ್ರಾಂ ಚಿನ್ನವೂ ಸೇರುವುದಿಲ್ಲ. ಇನ್ಯಾರೋ ಮಾರಿದ್ದನ್ನು ನೀವು ಕೊಂಡಿರಿ, ಕೈ ಬದಲಾಯಿತು, ಅಷ್ಟೆ. ಒಂದೇ ದಿನದಲ್ಲಿ ಕೋಟಿಗಟ್ಟಲೆ ಷೇರು ಕೈ ಬದಲಾಗಿಯೂ ದಾಸ್ತಾನು ಇದ್ದಲ್ಲೇ ಇರಬಹುದು.

ಹಾಗಾದರೆ ಚಿನ್ನ ಒಳಗೆ ಬರುವುದು ಯಾವಾಗ? ಮಾರುವವರಿಗಿಂತ ಕೊಳ್ಳುವವರು ಜಾಸ್ತಿಯಾದಾಗ. ಆಗ ಷೇರಿನ ಬೆಲೆ ಅದರೊಳಗಿರುವ ಚಿನ್ನದ ಬೆಲೆಗಿಂತ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಈ ಫಂಡ್ ಜೊತೆ ನೇರ ವ್ಯವಹಾರ ಮಾಡಲು ಒಪ್ಪಂದ ಇರುವ ಕೆಲವು ದೊಡ್ಡ ಸಂಸ್ಥೆಗಳಿವೆ, ಅವನ್ನು ಆಥರೈಸ್ಡ್ ಪಾರ್ಟಿಸಿಪೆಂಟ್ ಅನ್ನುತ್ತಾರೆ. ಅವರು ಈ ಅಂತರ ನೋಡುತ್ತಲೇ ಇರುತ್ತಾರೆ. ಹೊರಗೆ ಚಿನ್ನ ಕೊಂಡು, ಫಂಡ್‌ನ ತಿಜೋರಿಗೆ ಹಾಕಿಸಿ, ಅದರ ಬದಲಿಗೆ ಹೊಸ ಷೇರು ಪಡೆದು ಪೇಟೆಯಲ್ಲಿ ಮಾರುತ್ತಾರೆ. ನಡುವಿನ ವ್ಯತ್ಯಾಸ ಅವರ ಲಾಭ. ಮಾರುವವರು ಜಾಸ್ತಿಯಾದರೆ ಇದೆಲ್ಲ ಉಲ್ಟಾ: ಅಗ್ಗಕ್ಕೆ ಷೇರು ಕೊಂಡು, ಫಂಡ್‌ಗೆ ವಾಪಸ್ ಕೊಟ್ಟು, ಚಿನ್ನ ಹೊರತೆಗೆಯುತ್ತಾರೆ. ಇದು ಚಿಲ್ಲರೆ ವ್ಯಾಪಾರ ಅಲ್ಲ. ಜಿಎಲ್‌ಡಿಯಲ್ಲಿ ಒಂದು ಕಟ್ಟು ಅಂದರೆ 1 ಲಕ್ಷ ಷೇರು. ಅದಕ್ಕಿಂತ ಕಡಿಮೆಗೆ ಫಂಡ್‌ನ ಬಾಗಿಲು ತೆರೆಯುವುದಿಲ್ಲ.

ಅಂದರೆ ದಾಸ್ತಾನಿನ ಏರಿಳಿತ ತೋರಿಸುವುದು ಒಟ್ಟು ವ್ಯಾಪಾರವನ್ನಲ್ಲ. ಕೊಳ್ಳುವವರೂ ಮಾರುವವರೂ ತಮ್ಮತಮ್ಮಲ್ಲೇ ಮುಗಿಸಿಕೊಂಡ ಮೇಲೆ ಉಳಿದ ಬಾಕಿಯನ್ನು ಮಾತ್ರ. ಹಾಗಾಗಿ "ಇವತ್ತು ಭಾರಿ ವಾಲ್ಯೂಮ್ ಬಂತು, ಬೇಡಿಕೆ ಜೋರಾಗಿದೆ" ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 1: ಡಾಲರ್ ಬಿಡಿ, ಟನ್ ಹಿಡಿಯಿರಿ

ಫಂಡ್‌ನ ವೆಬ್‌ಸೈಟಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಒಟ್ಟು ಆಸ್ತಿಯ ಮೌಲ್ಯ, ಡಾಲರ್‌ನಲ್ಲಿ. ಅದು ನಮಗೆ ಬೇಡ. ಚಿನ್ನದ ಬೆಲೆ ಏರಿದರೆ ಆ ಸಂಖ್ಯೆಯೂ ಏರುತ್ತದೆ, ಒಬ್ಬನೇ ಒಬ್ಬ ಹೊಸ ಹೂಡಿಕೆದಾರ ಬರದಿದ್ದರೂ. ನಾನು ಸುಮಾರು ದಿನ ಈ ಡಾಲರ್ ಗ್ರಾಫನ್ನೇ ಬೇಡಿಕೆ ಅಂದುಕೊಂಡಿದ್ದೆ. ಬೆಲೆಯ ಗ್ರಾಫ್ ಪಕ್ಕ ಇಟ್ಟಾಗ ಎರಡೂ ಅವಳಿಜವಳಿ ಥರ ಕಂಡವು, ಆಗ "ಎಂಥ ಹೊಂದಾಣಿಕೆ!" ಅಂತ ಖುಷಿಪಟ್ಟದ್ದೂ ನೆನಪಿದೆ. ಬೆಲೆಯನ್ನು ಬೆಲೆಯ ಜೊತೆಗೇ ಹೋಲಿಸುತ್ತಿದ್ದೆ, ಹೊಂದಾಣಿಕೆ ಆಗದೇ ಇರುತ್ತಾ?

ಹಳೆಯ ಲೆಕ್ಕದ ಫೈಲ್ ಇಳಿಸಿಕೊಂಡರೆ ಅದರಲ್ಲಿ ಔನ್ಸ್ ಮತ್ತು ಟನ್ ಬೇರೆ ಬೇರೆ ಕಾಲಂನಲ್ಲಿ ಇರುತ್ತವೆ. ಒಂದು ಟನ್‌ಗೆ 32,150.7 ಟ್ರಾಯ್ ಔನ್ಸ್. ರಜೆಯ ದಿನಗಳ ಸಾಲಿನಲ್ಲಿ ಸಂಖ್ಯೆಯ ಬದಲು ಅಕ್ಷರ ಇರಬಹುದು, ಆ ಸಾಲುಗಳನ್ನು ಅಳಿಸಿಬಿಡಿ. ಇಲ್ಲದಿದ್ದರೆ ಸ್ಪ್ರೆಡ್‌ಶೀಟ್ ಆ ದಿನ ದಾಸ್ತಾನು ಸೊನ್ನೆ ಅಂತ ಓದಿ ಗಾಬರಿ ಹುಟ್ಟಿಸುತ್ತದೆ.

ಹಂತ 2: ಖರ್ಚಿಗೆ ಹೋದದ್ದನ್ನು ಬೇರೆ ಮಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಚಿನ್ನಕ್ಕೆ ಬಡ್ಡಿ ಬರುವುದಿಲ್ಲ. ಆದರೆ ಫಂಡ್ ನಡೆಸಲು ಖರ್ಚಿದೆ. ಜಿಎಲ್‌ಡಿಯದು ವರ್ಷಕ್ಕೆ 0.40%. ಬೇರೆ ಆದಾಯ ಇಲ್ಲವಾದ್ದರಿಂದ ಇದ್ದ ಚಿನ್ನದಲ್ಲೇ ಚೂರು ಮಾರಿ ಖರ್ಚು ತೂಗಿಸಬೇಕು. ಶುರುವಿನಲ್ಲಿ ಒಂದು ಷೇರಿನ ಹಿಂದೆ ಔನ್ಸಿನ ಹತ್ತನೇ ಒಂದು ಭಾಗ ಇತ್ತು. 20 ವರ್ಷ ಕಳೆಯುವ ಹೊತ್ತಿಗೆ ಅದು ಸವೆದು ಸವೆದು 0.092ರ ಆಸುಪಾಸಿಗೆ ಬಂದಿದೆ.

ಈಗ ಲೆಕ್ಕ ನೋಡಿ. 900 ಟನ್ ಇರುವ ಫಂಡ್‌ಗೆ 0.40% ಅಂದರೆ ವರ್ಷಕ್ಕೆ 3.6 ಟನ್, ತಿಂಗಳಿಗೆ 0.3 ಟನ್. ಇನ್ನೊಂದು ಕಡೆ, ಒಂದು ಕಟ್ಟು ಷೇರು ವಾಪಸ್ ಕೊಟ್ಟರೆ ಹೊರಹೋಗುವ ಚಿನ್ನ ಎಷ್ಟು? 1 ಲಕ್ಷವನ್ನು 0.092ರಿಂದ ಗುಣಿಸಿದರೆ 9,200 ಔನ್ಸ್, ಅಂದರೆ 0.29 ಟನ್. ತಿಂಗಳ ಖರ್ಚು, ಒಂದು ಕಟ್ಟು ಷೇರಿನ ವಾಪಸಾತಿ, ಎರಡೂ ಟನ್ ಕಾಲಂನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ! ಟನ್ ಒಂದನ್ನೇ ನೋಡುತ್ತಾ ಕೂತರೆ ಇವೆರಡನ್ನು ಬೇರೆ ಮಾಡಲು ಸಾಧ್ಯವೇ ಇಲ್ಲ.

ಬೇರೆ ಮಾಡುವ ದಾರಿ ಸುಲಭ. ಚಲಾವಣೆಯಲ್ಲಿರುವ ಷೇರುಗಳ ಸಂಖ್ಯೆ ನೋಡಿ. ಖರ್ಚಿಗೆ ಚಿನ್ನ ಮಾರಿದರೆ ಷೇರುಗಳ ಸಂಖ್ಯೆ ಬದಲಾಗುವುದಿಲ್ಲ, ಒಂದೊಂದು ಷೇರಿನ ಹಿಂದಿನ ಚಿನ್ನ ಸವೆಯುತ್ತದೆ. ಹೂಡಿಕೆದಾರರು ಹೊರಹೋದರೆ ಷೇರುಗಳ ಸಂಖ್ಯೆಯೇ ಇಳಿಯುತ್ತದೆ. ಷೇರು ಸಂಖ್ಯೆ ನೇರವಾಗಿ ಸಿಗದಿದ್ದರೆ ಒಟ್ಟು ಔನ್ಸನ್ನು ಒಂದು ಷೇರಿನ ಔನ್ಸಿನಿಂದ ಭಾಗಿಸಿ. ಸೂತ್ರ ಇಷ್ಟೇ:

```
shares = total_oz / oz_per_share
flow_t = (shares_now - shares_before) * oz_per_share / 32150.7
fee_t  = shares_now * (oz_before - oz_now) / 32150.7
```

`oz_before`, `oz_now` ಅಂದರೆ ಹಳೆಯ ದಿನದ ಮತ್ತು ಈಗಿನ `oz_per_share`. ಎರಡನೇ ಸಾಲಿನಲ್ಲೂ ಹಳೆಯ ದಿನದ `oz_per_share` ಹಾಕಿ. ಆಗ `flow_t`ಯಿಂದ `fee_t` ಕಳೆದರೆ ಟನ್ ಕಾಲಂನ ಒಟ್ಟು ವ್ಯತ್ಯಾಸಕ್ಕೆ ಸರಿಯಾಗಿ ಕೂರುತ್ತದೆ. ಕೂರದಿದ್ದರೆ ಎಲ್ಲೋ ತಪ್ಪು ಸಾಲು ಎತ್ತಿದ್ದೀರಿ ಅಂತ ಅರ್ಥ.

ಒಂದು ಬಲೆ ಮಾತ್ರ ಇದೆ. ಕೆಲವೊಮ್ಮೆ ಫಂಡ್ ತನ್ನ ಷೇರುಗಳನ್ನು ಒಡೆಯುತ್ತದೆ ಅಥವಾ ಕೂಡಿಸುತ್ತದೆ. ಇನ್ನೊಂದು ದೊಡ್ಡ ಗೋಲ್ಡ್ ಇಟಿಎಫ್ ಆದ ಐಷೇರ್ಸ್ ಗೋಲ್ಡ್ ಟ್ರಸ್ಟ್ 2021ರ ಮೇ ತಿಂಗಳಲ್ಲಿ ಎರಡು ಷೇರನ್ನು ಕೂಡಿಸಿ ಒಂದು ಮಾಡಿತು. ಅಂಥ ದಿನ ಷೇರುಗಳ ಸಂಖ್ಯೆ ಒಮ್ಮೆಗೇ ಅರ್ಧ ಆಗುತ್ತದೆ, ನಿಮ್ಮ ಸೂತ್ರ ಅರ್ಧ ಫಂಡ್ ಖಾಲಿಯಾಯಿತು ಅನ್ನುತ್ತದೆ. ಒಂದು ಷೇರಿನ ಔನ್ಸ್ ಅದೇ ದಿನ ಎರಡು ಪಟ್ಟು ಆಗಿದ್ದರೆ ಅದು ಮಾರಾಟ ಅಲ್ಲ, ಬರೀ ಎಣಿಕೆ ಬದಲಾದದ್ದು.

ಒಂದು ತಿಂಗಳ ಲೆಕ್ಕ, ಪೂರ್ತಿಯಾಗಿ

ಲೆಕ್ಕ ಸಲೀಸಾಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಂಡು ಒಂದು ಕಾಲ್ಪನಿಕ ಫಂಡ್ ಮಾಡೋಣ. ತಿಂಗಳ ಶುರುವಿನಲ್ಲಿ 30 ಕೋಟಿ ಷೇರು, ಒಂದೊಂದರ ಹಿಂದೆ 0.0930 ಔನ್ಸ್. ಒಟ್ಟು 2.79 ಕೋಟಿ ಔನ್ಸ್, ಅಂದರೆ 867.8 ಟನ್. ಚಿನ್ನದ ಬೆಲೆ ಔನ್ಸಿಗೆ 2,000 ಡಾಲರ್.

ತಿಂಗಳ ಕೊನೆಗೆ ಷೇರು 29.7 ಕೋಟಿ, ಒಂದರ ಹಿಂದೆ 0.09297 ಔನ್ಸ್. ಗುಣಿಸಿ ಟನ್ ಮಾಡಿದರೆ 858.8. ಬೆಲೆ 2,100 ಡಾಲರ್‌ಗೆ ಏರಿದೆ.

ಡಾಲರ್ ನೋಡುವವನಿಗೆ ಏನು ಕಾಣುತ್ತದೆ? ಶುರುವಿನಲ್ಲಿ 5,580 ಕೋಟಿ ಡಾಲರ್ ಇದ್ದ ಆಸ್ತಿ ಸುಮಾರು 5,800 ಕೋಟಿ ಆಗಿದೆ. ಹತ್ತಿರ ಹತ್ತಿರ 4% ಏರಿಕೆ, "ಬೇಡಿಕೆ ಸೂಪರ್" ಅನ್ನುತ್ತಾನೆ. ಟನ್ ನೋಡುವವನಿಗೆ 9 ಟನ್ ಇಳಿಕೆ ಕಾಣುತ್ತದೆ. ಅದನ್ನು ಒಡೆದು ನೋಡಿದರೆ 30 ಲಕ್ಷ ಷೇರು, ಅಂದರೆ 30 ಕಟ್ಟು, ವಾಪಸ್ ಬಂದಿವೆ. ಅದರ ಪಾಲು 8.68 ಟನ್. ಉಳಿದ 0.28 ಟನ್ ಫಂಡ್‌ನ ಖರ್ಚು. ಅಂದರೆ ಬೆಲೆ 5% ಏರಿದ ತಿಂಗಳಲ್ಲೇ ಈ ಫಂಡ್‌ನವರು, ಅಂದರೆ ಅದರ ಹೂಡಿಕೆದಾರರು, ತಮ್ಮ ಚಿನ್ನದ 1% ಮಾರಿಕೊಂಡು ಹೊರಗೆ ಹೋಗಿದ್ದಾರೆ. ಇದೇ ನಾವು ಹುಡುಕುತ್ತಿದ್ದ ವಿಷಯ.

ಆ 1% ಅನ್ನುವುದು ಮುಖ್ಯ. ಬರೀ ಟನ್ ಹೇಳಿದರೆ ದೊಡ್ಡ ಫಂಡ್‌ಗೆ 9 ಟನ್ ಸಣ್ಣದು, 40 ಟನ್ ಇರುವ ಫಂಡ್‌ಗೆ ಭೂಕಂಪ. ಯಾವಾಗಲೂ ಹಿಂದಿನ ದಾಸ್ತಾನಿನ ಶೇಕಡಾವಾರು ಮಾಡಿ ಬರೆದುಕೊಳ್ಳಿ.

ಹಂತ 3: ದಿನ ಬೇಡ, ವಾರ ಅಥವಾ ತಿಂಗಳು ಸಾಕು

ಪೇಟೆಯಲ್ಲಿ ಕೊಳ್ಳುವಿಕೆ ಜೋರಾದ ದಿನಕ್ಕೂ ದಾಸ್ತಾನಿನಲ್ಲಿ ಅದು ಕಾಣುವ ದಿನಕ್ಕೂ ಒಂದೆರಡು ದಿನದ ಅಂತರ ಇರಬಹುದು. ಆಥರೈಸ್ಡ್ ಪಾರ್ಟಿಸಿಪೆಂಟ್ ಸಂಸ್ಥೆಗಳು ತಕ್ಷಣ ಹೊಸ ಷೇರು ತೆಗೆಯಲೇಬೇಕು ಅಂತಿಲ್ಲ, ಕೈಯಲ್ಲಿರುವ ಷೇರನ್ನು ಮೊದಲು ಮಾರುತ್ತಾರೆ, ಕಟ್ಟು ತುಂಬುವಷ್ಟಾದ ಮೇಲೆ ಫಂಡ್‌ಗೆ ಹೋಗುತ್ತಾರೆ. ಹಾಗಾಗಿ "ಮಂಗಳವಾರ ಬೆಲೆ ಬಿತ್ತು, ಆದರೆ ಮಂಗಳವಾರವೇ ದಾಸ್ತಾನು ಏರಿತು, ಬುದ್ಧಿವಂತರು ಕೊಳ್ಳುತ್ತಿದ್ದಾರೆ" ಅನ್ನುವ ಕಥೆಗಳಲ್ಲಿ ಎಷ್ಟೋ ಸಲ ಅದು ಸೋಮವಾರದ ಕೊಳ್ಳುವಿಕೆ ಆಗಿರುತ್ತದೆ. ಇನ್ನೊಂದು ಗೋಜಲೂ ಇದೆ: ಬೆಲೆ ಬೀಳಲಿ ಅಂತ ಷೇರು ಸಾಲ ಪಡೆದು ಮಾರುವವರಿಗೆ ಕೊಡಲಿಕ್ಕೆಂದೇ ಹೊಸ ಷೇರು ಹುಟ್ಟುವುದುಂಟು. ಒಂದು ದಿನದ ಅಂಕಿಯಲ್ಲಿ ಇದನ್ನೆಲ್ಲ ಬಿಡಿಸಲು ಆಗುವುದಿಲ್ಲ. ವಾರದ ಮೊತ್ತದಲ್ಲಿ ಬಹುಪಾಲು ತಾನಾಗೇ ತೊಳೆದುಹೋಗುತ್ತದೆ.

ಯಾವ ವಾರ ದೊಡ್ಡದು, ಯಾವುದು ಸಾಧಾರಣ ಅಂತ ತಿಳಿಯಲು ಬೇರೆಯವರ ಮಾತು ಬೇಡ. ಅದೇ ಫಂಡ್‌ನ ಮೂರು ವರ್ಷದ ವಾರದ ಶೇಕಡಾವಾರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಸುಮಾರು 156 ಸಂಖ್ಯೆ ಆಗುತ್ತವೆ. ಎರಡೂ ತುದಿಯ 15-15 ಬಿಟ್ಟು ಮಧ್ಯೆ ಬರುವುದೆಲ್ಲ ದಿನನಿತ್ಯದ ಗದ್ದಲ. ಅದರ ಬಗ್ಗೆ ಯೋಚಿಸಿ ಪ್ರಯೋಜನ ಇಲ್ಲ.

ಹಂತ 4: ಮಟ್ಟಕ್ಕಿಂತ ಬದಲಾವಣೆ ನೋಡಿ

"ದಾಸ್ತಾನು ದಾಖಲೆ ಮಟ್ಟದಲ್ಲಿದೆ" ಅನ್ನುವ ತಲೆಬರಹ ಕಂಡಾಗಲೆಲ್ಲ ನನಗೆ 2012ರ ಡಿಸೆಂಬರ್ ನೆನಪಾಗುತ್ತದೆ. ಜಿಎಲ್‌ಡಿ ಆಗ 1,350 ಟನ್ ದಾಟಿತ್ತು, ಅಲ್ಲಿಯವರೆಗಿನ ಅತಿ ದೊಡ್ಡ ಸಂಖ್ಯೆ. ಆದರೆ ಚಿನ್ನದ ಬೆಲೆ ತನ್ನ ಶಿಖರ ಮುಟ್ಟಿದ್ದು 2011ರ ಸೆಪ್ಟೆಂಬರ್‌ನಲ್ಲಿ, 1,900 ಡಾಲರ್ ಹತ್ತಿರ. ಅಂದರೆ ಬೆಲೆ ಶಿಖರದಿಂದ ಇಳಿದು ವರ್ಷದ ಮೇಲಾದರೂ ದಾಸ್ತಾನು ಏರುತ್ತಲೇ ಇತ್ತು. ಮಟ್ಟ ಅನ್ನುವುದು ವರ್ಷಗಟ್ಟಲೆ ಕೂಡಿಟ್ಟ ಇತಿಹಾಸ. ಜನ ಈಗ ಏನು ಮಾಡುತ್ತಿದ್ದಾರೆ ಅನ್ನುವುದನ್ನು ಅದು ಹೇಳುವುದಿಲ್ಲ.

ಬದಲಾವಣೆ ಏನು ಹೇಳುತ್ತಿತ್ತು? 2013ರ ಮೊದಲ ಮೂರು ತಿಂಗಳಲ್ಲಿ ಬೆಲೆ ಸುಮಾರು 1,660ರಿಂದ 1,600ಕ್ಕೆ ಬಂತು, 4%ನ ಆಸುಪಾಸಿನ ಇಳಿಕೆ, ಯಾರೂ ಅಷ್ಟು ಬೆಚ್ಚಿಬೀಳುವಂಥದ್ದಲ್ಲ. ಆದರೆ ಅದೇ ಮೂರು ತಿಂಗಳಲ್ಲಿ ಜಿಎಲ್‌ಡಿ ದಾಸ್ತಾನು 1,350ರಿಂದ ಸುಮಾರು 1,220 ಟನ್‌ಗೆ ಇಳಿದಿತ್ತು. ಹತ್ತಿರ ಹತ್ತಿರ 10%. ಬೆಲೆ ಇನ್ನೂ ನಿಂತಿರುವಾಗಲೇ ದೊಡ್ಡವರು ಸಾಮಾನು ಕಟ್ಟುತ್ತಿದ್ದರು. ಏಪ್ರಿಲ್ 12ರ ಶುಕ್ರವಾರ ಮತ್ತು 15ರ ಸೋಮವಾರ, ಈ ಎರಡೇ ದಿನದಲ್ಲಿ ಬೆಲೆ 200 ಡಾಲರ್‌ನಷ್ಟು ಕುಸಿಯಿತು. ವರ್ಷದ ಕೊನೆಗೆ ಜಿಎಲ್‌ಡಿಯಲ್ಲಿ ಉಳಿದದ್ದು 800 ಟನ್‌ನಷ್ಟು.

ಇದನ್ನು ಓದಿ "ಆಹಾ, ದಾಸ್ತಾನು ಮೊದಲೇ ಹೇಳುತ್ತದೆ" ಅಂತ ತೀರ್ಮಾನಕ್ಕೆ ಬರಬೇಡಿ. 2020ರಲ್ಲಿ ಉಲ್ಟಾ ಆಯಿತು. ಆ ವರ್ಷ ಜಿಎಲ್‌ಡಿ 900 ಟನ್ ಒಳಗಿನಿಂದ ಹೊರಟು 1,270 ದಾಟಿತು. ಬೆಲೆ ಆಗಸ್ಟ್ ಮೊದಲ ವಾರದಲ್ಲೇ ಶಿಖರ ಮುಟ್ಟಿ ಇಳಿಯತೊಡಗಿದರೂ ದಾಸ್ತಾನು ಸೆಪ್ಟೆಂಬರ್‌ನಲ್ಲೂ ಏರುತ್ತಿತ್ತು. ತಡವಾಗಿ ಬಂದವರು ಶಿಖರದಲ್ಲಿ ಕೊಂಡರು. ಇಲ್ಲಿ ದಾಸ್ತಾನು ಹಿಂದೆ ಬಿತ್ತು. ನನ್ನ ಅನುಭವದಲ್ಲಿ ಹೆಚ್ಚಿನ ವಾರಗಳಲ್ಲಿ ಬೆಲೆ, ದಾಸ್ತಾನು ಎರಡೂ ಒಟ್ಟಿಗೇ ನಡೆಯುತ್ತವೆ, ಯಾಕಂದರೆ ಎರಡನ್ನೂ ತಳ್ಳುವುದು ಒಂದೇ ಕೈ: ಹಣದುಬ್ಬರ ಕಳೆದ ಮೇಲಿನ ಬಡ್ಡಿದರ, ಡಾಲರ್, ಭಯ. ಹಾಗಾಗಿ ಎರಡೂ ಒಂದೇ ದಿಕ್ಕಿಗೆ ಹೋಗುವಾಗ ದಾಸ್ತಾನಿನಿಂದ ಹೊಸ ವಿಷಯ ಸಿಗುವುದು ಕಡಿಮೆ. ಅವು ಬೇರೆಯಾದಾಗ ಕಿವಿ ನಿಮಿರಬೇಕು.

ಹಂತ 5: ಒಂದೇ ಫಂಡ್ ನೋಡಿ ಮೋಸ ಹೋಗಬೇಡಿ

0.40% ಕೊಡುತ್ತಿರುವವನು 0.10% ಇರುವ ಫಂಡ್‌ಗೆ ಜಾರಿಕೊಂಡರೆ ಚಿನ್ನದ ಮೇಲಿನ ನಂಬಿಕೆ ಹೋಯಿತು ಅಂತಲ್ಲ, ಖರ್ಚು ಉಳಿಸಿದ ಅಷ್ಟೆ. ಜಿಎಲ್‌ಡಿಗೇ `GLDM` ಅಂತ ಅಗ್ಗದ ತಮ್ಮ ಇದ್ದಾನೆ, 2018ರಲ್ಲಿ ಹುಟ್ಟಿದವನು, ಅವನ ಖರ್ಚು 0.10%. ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ಅಲ್ಲಿಗೆ ಹೋಗುವುದು ಸಹಜ. ದಿನದಿನ ಕೊಂಡು ಮಾರುವವರಿಗೆ ಮಾತ್ರ ಜಿಎಲ್‌ಡಿಯೇ ಅನುಕೂಲ, ವ್ಯಾಪಾರ ಅಲ್ಲಿ ದಟ್ಟ. ಅದಕ್ಕೇ ಕನಿಷ್ಠ ಮೂರ್ನಾಲ್ಕು ದೊಡ್ಡ ಫಂಡ್‌ಗಳ ಟನ್ ಕೂಡಿಸಿ ನೋಡಿ. ಅಷ್ಟೆಲ್ಲ ಪುರಸೊತ್ತಿಲ್ಲ ಅಂದರೆ ವರ್ಲ್ಡ್ ಗೋಲ್ಡ್ ಕೌನ್ಸಿಲ್ ಪ್ರತಿ ತಿಂಗಳೂ ಜಗತ್ತಿನ ಫಂಡ್‌ಗಳನ್ನು ಉತ್ತರ ಅಮೆರಿಕ, ಯುರೋಪ್, ಏಷ್ಯಾ ಅಂತ ವಿಂಗಡಿಸಿ ಕೊಡುತ್ತದೆ. ಒಂದು ಕಡೆ ಖಾಲಿ, ಇನ್ನೊಂದು ಕಡೆ ಭರ್ತಿ ಆಗುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಕೂಡಿಸುವಾಗ ಗಣಿ ಕಂಪನಿಗಳ ಷೇರು ಹಿಡಿದ ಫಂಡ್, ಫ್ಯೂಚರ್ಸ್ ಮೇಲೆ ನಿಂತದ್ದು, ಇವನ್ನೆಲ್ಲ ಹೊರಗಿಡಿ. ತಿಜೋರಿಯಲ್ಲಿ ಗಟ್ಟಿ ಇರಬೇಕು. ಕ್ಲೋಸ್ಡ್ ಎಂಡ್ ಫಂಡ್‌ಗಳ ಕತೆಯೂ ಬೇರೆ. ಅಲ್ಲಿ ಮೇಲೆ ಹೇಳಿದ ಥರ ಷೇರು ಹುಟ್ಟಿ ಸಾಯುವುದಿಲ್ಲವಾದ್ದರಿಂದ ಬೇಡಿಕೆ ಕಾಣುವುದು ಟನ್‌ನಲ್ಲಿ ಅಲ್ಲ, ಷೇರು ಬೆಲೆ ಒಳಗಿನ ಚಿನ್ನಕ್ಕಿಂತ ಎಷ್ಟು ಮೇಲೆ ಕೆಳಗೆ ಇದೆ ಅನ್ನುವುದರಲ್ಲಿ.

ಹಂತ 6: ಬೆಲೆ ಒಂದು ಕಡೆ, ದಾಸ್ತಾನು ಇನ್ನೊಂದು ಕಡೆ

ಬೆಲೆ ಇಳಿಯುತ್ತಿದ್ದು ದಾಸ್ತಾನು ಏರುತ್ತಿದ್ದರೆ ಫಂಡ್‌ನವರು ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುತ್ತಿದ್ದಾರೆ. 2012ರ ಕೊನೆಯಲ್ಲಿ ಆದದ್ದು ಹೆಚ್ಚುಕಡಿಮೆ ಅದೇ, ಅವರ ಗತಿ ಏನಾಯಿತು ನೋಡಿದಿರಿ.

ಇದಕ್ಕಿಂತ ಸ್ವಾರಸ್ಯ ಇರುವುದು ಬೆಲೆ ಏರಿ ದಾಸ್ತಾನು ಇಳಿದಾಗ. 2024ರ ಮಾರ್ಚ್‌ನಲ್ಲಿ ಚಿನ್ನ ಹೊಸ ದಾಖಲೆ ಬರೆಯುತ್ತಿದ್ದಾಗ ಜಿಎಲ್‌ಡಿಯಲ್ಲಿ 850 ಟನ್ ಕೂಡ ಇರಲಿಲ್ಲ, ವರ್ಷದ ಶುರುವಿಗಿಂತ ಕಡಿಮೆ. ಇಟಿಎಫ್ ಒಂದನ್ನೇ ನಂಬಿದವರು ಎರಡು ವರ್ಷದಿಂದ "ಬೇಡಿಕೆ ಇಲ್ಲ, ಬೆಲೆ ಬೀಳಲೇಬೇಕು" ಅನ್ನುತ್ತಾ ಕೂತಿದ್ದರು. ಬೀಳಲಿಲ್ಲ. ಯಾಕಂದರೆ ಕೊಳ್ಳುವವರು ಬೇರೆ ಇದ್ದರು: 2022, 2023, 2024, ಈ ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ತಲಾ 1,000 ಟನ್‌ಗಿಂತ ಜಾಸ್ತಿ ಚಿನ್ನ ಕೊಂಡವು. ಅವು ಇಟಿಎಫ್ ಷೇರು ಕೊಳ್ಳುವುದಿಲ್ಲ, ಗಟ್ಟಿಯನ್ನೇ ಕೊಳ್ಳುತ್ತವೆ. ಆಭರಣ, ನಾಣ್ಯ, ಮನೆಯಲ್ಲಿಡುವ ಗಟ್ಟಿ, ಇದ್ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ. 2013ರಲ್ಲೂ ಪಶ್ಚಿಮದ ಫಂಡ್‌ಗಳು ಹೊರಹಾಕಿದ ದೊಡ್ಡ ಗಟ್ಟಿಗಳು ಸ್ವಿಟ್ಜರ್ಲೆಂಡಿನ ರಿಫೈನರಿಗಳಲ್ಲಿ ಕರಗಿ, ಕಿಲೋ ಗಟ್ಟಿಗಳಾಗಿ ಏಷ್ಯಾಕ್ಕೆ ಹೋದವು. ಚಿನ್ನ ಎಲ್ಲೂ ಮಾಯವಾಗಲಿಲ್ಲ, ಕೈ ಬದಲಾಯಿತು.

ಹಾಗಾಗಿ ಬೆಲೆ ಏರುತ್ತಾ ದಾಸ್ತಾನು ಇಳಿಯುತ್ತಿದ್ದರೆ ನಾನು "ಬೇಡಿಕೆ ಇಲ್ಲ" ಅಂತ ಬರೆದುಕೊಳ್ಳುವುದಿಲ್ಲ. "ಫಂಡ್‌ನವರು ಮಾರುತ್ತಿದ್ದಾರೆ, ಅವರಿಗಿಂತ ದೊಡ್ಡವರು ಯಾರೋ ಕೊಳ್ಳುತ್ತಿದ್ದಾರೆ, ಯಾರು?" ಅಂತ ಬರೆದುಕೊಂಡು ಕೇಂದ್ರ ಬ್ಯಾಂಕುಗಳ ತಿಂಗಳ ಅಂಕಿ ಹುಡುಕುತ್ತೇನೆ.

ವಾರಕ್ಕೊಮ್ಮೆ, ಹತ್ತು ನಿಮಿಷದ ಕೆಲಸ ಇದು. ನನ್ನ ಶೀಟಿನಲ್ಲಿ ವಾರಕ್ಕೆ ಒಂದೇ ಸಾಲು: ದಿನಾಂಕ, ಬೆಲೆ ಎಷ್ಟು ಶೇಕಡಾ ಬದಲಾಯಿತು, ನಾಲ್ಕು ಫಂಡ್ ಸೇರಿ ಖರ್ಚು ಕಳೆದು ಎಷ್ಟು ಶೇಕಡಾ ಬಂತು ಅಥವಾ ಹೋಯಿತು, ಅದು ಮೂರು ವರ್ಷದ ಪಟ್ಟಿಯಲ್ಲಿ ತುದಿಯ 15ರೊಳಗಿದೆಯಾ ಇಲ್ಲವಾ. ಕೊನೆಯ ಕಾಲಂನಲ್ಲಿ ಬಹುತೇಕ ವಾರ "ಇಲ್ಲ" ಅಂತಲೇ ಇರುತ್ತದೆ, ಆ ವಾರ ಶೀಟ್ ಮುಚ್ಚಿಡುತ್ತೇನೆ.